ಬೇಳೆ ಬೇಯುವಷ್ಟು ಹೊತ್ತು: ಅಜ್ಜಿಯ ನುಡಿನಮನ ಬರೆಯುವ ಬಗೆ

ಪ್ರಶ್ನೆ: ನನ್ನ ಅಜ್ಜಿ ಹೋದ ತಿಂಗಳು 86ನೆಯ ವಯಸ್ಸಿನಲ್ಲಿ ಶಿವಮೊಗ್ಗದಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಊರಿನಲ್ಲೇ ಮುಗಿಯಿತು. ಅಲ್ಲಿಗೆ ಬರಲಾಗದವರಿಗಾಗಿ ಮುಂದಿನ ಭಾನುವಾರ ಬೆಂಗಳೂರಿನಲ್ಲಿ ಪ್ರಾರ್ಥನಾ ಸಭೆ ಇಟ್ಟುಕೊಂಡಿದ್ದೇವೆ. ಮೊಮ್ಮಕ್ಕಳ ಪರವಾಗಿ ನಾನು ಮೂರು ನಿಮಿಷ ಮಾತನಾಡಬೇಕು ಎಂದು ಮಾವ ಹೇಳಿದ್ದಾರೆ. ಅಜ್ಜಿ ತುಂಬಾ ದೈವಭಕ್ತೆ, ಶಿಸ್ತಿನವರು. ಬೆಳಿಗ್ಗೆ ಐದಕ್ಕೆ ಏಳುವುದು, ರಂಗೋಲಿ, ಸಹಸ್ರನಾಮ, ಮಧ್ಯಾಹ್ನ ಬತ್ತಿ ಹೊಸೆಯುವುದು, ಕುಕ್ಕರ್ ಇದ್ದರೂ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುವುದು, ಎಲ್ಲವೂ ಹೊತ್ತಿಗೆ ಸರಿಯಾಗಿ. ನಾನು ನಾಲ್ಕು ಸಲ ಬರೆದೆ. ನಾಲ್ಕೂ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಂತಿವೆ. ಇನ್ನೊಂದು ಮಾತು: ನಾನು ಪೂಜೆ, ವ್ರತ ಎಂದು ನಂಬಿ ನಡೆಯುವವಳಲ್ಲ. ಅಜ್ಜಿಯ ಭಕ್ತಿಯ ಬಗ್ಗೆ ನಾನು ಮಾತನಾಡಿದರೆ ನಾಟಕವಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ಹೋಗಿ ನಿಂತದ್ದು ಬೇಳೆಯ ಮೇಲೆ. ರಂಗೋಲಿ, ಸಹಸ್ರನಾಮ, ಐದು ಗಂಟೆ, ಇವೆಲ್ಲ ನನ್ನ ಅಜ್ಜಿಗೂ ಇದ್ದವು, ಪಕ್ಕದ ಮನೆಯ ಅಜ್ಜಿಗೂ ಇದ್ದವು. ಕುಕ್ಕರ್ ಇರುವ ಮನೆಯಲ್ಲಿ ಹಟ ಹಿಡಿದು ಬೇಳೆಯನ್ನು ಮಾತ್ರ ಪಾತ್ರೆಯಲ್ಲಿ ಬೇಯಿಸುವವರು ಒಬ್ಬರೇ. ಹಾಗಾಗಿಯೇ ನಿಮಗೆ ಫೋನ್ ಮಾಡಿ, ‘ಯಾಕೆ ಪಾತ್ರೆಯಲ್ಲೇ?’ ಎಂದು ಕೇಳಿದೆ. ನೀವು ನಕ್ಕು, ‘ಅದಾ? ಸಹಸ್ರನಾಮ ಮುಗಿಯುವುದಕ್ಕೂ ಬೇಳೆ ಬೇಯುವುದಕ್ಕೂ ಸರಿಹೋಗುತ್ತಿತ್ತು’ ಎಂದಿರಿ. ಆ ಮಾತು ಕೇಳಿದಾಗಲೇ ನಿಮ್ಮ ನುಡಿನಮನ ಸಿದ್ಧವಾಯಿತು ಎನಿಸಿತು. ಮಿಕ್ಕದ್ದೆಲ್ಲ ಜೋಡಿಸುವ ಕೆಲಸ. ಆ ಅರ್ಧ ಗಂಟೆಯ ಮಾತಿನಲ್ಲಿ ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಂದಲೇ ಇಲ್ಲಿ ಬಳಸುತ್ತಿದ್ದೇನೆ.

ವಿಷ್ಣು ಸಹಸ್ರನಾಮವನ್ನು ಅವಸರವಿಲ್ಲದೆ ಹೇಳಿದರೆ ಹೆಚ್ಚುಕಡಿಮೆ ಅರ್ಧ ಗಂಟೆ. ನೆನೆಸಿದ ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಹದವಾಗಿ ಬೇಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕುಕ್ಕರಿನಲ್ಲಾದರೆ ನಾಮಗಳು ಅರ್ಧಕ್ಕೆ ಬರುವ ಮೊದಲೇ ವಿಸಿಲ್ ಕೂಗುತ್ತದೆ. ನಿಮ್ಮ ಅಜ್ಜಿಗೆ ಅಡುಗೆಮನೆಯ ಗಡಿಯಾರವೂ ದೇವರ ಪೂಜೆಯೂ ಒಂದೇ ಆಗಿದ್ದವು. ನಿಮ್ಮ ನಾಲ್ಕು ಕರಡುಗಳೂ ಎಡವಿದ್ದು ಇಲ್ಲಿಯೇ. ಒಂದು ಪ್ಯಾರಾದಲ್ಲಿ ಭಕ್ತಿ, ಇನ್ನೊಂದರಲ್ಲಿ ದಿನಚರಿ, ಮೂರನೆಯದರಲ್ಲಿ ವಾತ್ಸಲ್ಯ ಎಂದು ನೀವು ಅಜ್ಜಿಯನ್ನು ವಿಂಗಡಿಸಿಬಿಟ್ಟಿದ್ದೀರಿ. ಅವರು ಹಾಗೆ ವಿಂಗಡಿಸಿಕೊಂಡು ಬದುಕಿದವರಲ್ಲ. ಭಕ್ತಿ ಮತ್ತು ದಿನಚರಿ ಬೇರೆ ಬೇರೆ ಮಾಡಲಾಗದಂತೆ ಹೆಣೆದುಕೊಂಡಿರುವ ಒಂದು ಜಾಗವನ್ನು ಹುಡುಕಿ, ಮೂರು ನಿಮಿಷವೂ ಅಲ್ಲೇ ನಿಲ್ಲಿ. ಅಂಥ ಜಾಗ ಎಲ್ಲ ಅಜ್ಜಿಯರಿಗೂ ಇರುತ್ತದೆ. ನನ್ನ ಪರಿಚಯದ ಒಂದು ಮನೆಯಲ್ಲಿ ಅಜ್ಜಿ ತುಳಸಿಗೆ ನೀರೆರೆದು, ಅದೇ ತಂಬಿಗೆಯಲ್ಲಿ ಉಳಿದ ನೀರನ್ನು ಬೀದಿನಾಯಿಯ ಬಟ್ಟಲಿಗೆ ಹಾಕಿ ಒಳಗೆ ಬರುತ್ತಿದ್ದರು. ಇನ್ನೊಂದು ಮನೆಯಲ್ಲಿ ಶನಿವಾರ ಹನುಮಂತನ ಗುಡಿಗೆ ಹೋಗುವ ದಾರಿಯಲ್ಲೇ ಪಿಂಚಣಿಯ ಬ್ಯಾಂಕು. ಪಾಸ್‌ಬುಕ್ಕಿನಲ್ಲಿ ಕುಂಕುಮದ ಪೊಟ್ಟಣ ಸಿಗುತ್ತಿತ್ತು.

ನಾನು ಇದನ್ನು ಕಲಿತದ್ದು ಅವಮಾನದಿಂದ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ಆಗಷ್ಟೇ ಸೇರಿದ್ದೆ, ಮಾತು ಬರುತ್ತದೆ ಎಂಬ ಜಂಬ ಇತ್ತು. ಸೋದರತ್ತೆ ತೀರಿಕೊಂಡಾಗ ಎದ್ದು ನಿಂತು ‘ಸಹನಾಮೂರ್ತಿ, ತ್ಯಾಗಮಯಿ, ದೈವಭಕ್ತೆ’ ಎಂದು ಐದು ನಿಮಿಷ ಸುರಿದೆ. ಹಿಂದಿನ ಸಾಲಿನಲ್ಲಿ ಮಕ್ಕಳು ಕಿಸಕ್ಕನೆ ನಕ್ಕರು. ಅತ್ತೆಯ ಕೋಪ ಊರಿಗೇ ಗೊತ್ತಿತ್ತು. ಆಮೇಲೆ ಹೂವಾಡಗಿತ್ತಿ ಹತ್ತಿರ ಬಂದು ಕೇಳಿದಳು: ‘ಅಮ್ಮಾವ್ರು ಮೊಳ ಅಳೆಯುವಾಗ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರಲ್ಲ, ದೇವರಿಗೆ ಗಿಡ್ಡ ಮೊಳ ಕೊಡುತ್ತೀಯಾ ಎಂದು, ಅದನ್ನೇಕೆ ಹೇಳಲಿಲ್ಲ?’ ಮೂವತ್ತು ವರ್ಷ ದಿನವೂ ಆಕೆಯ ಮೊಣಕೈ ಎಳೆದ ಅತ್ತೆ, ದೀಪಾವಳಿಗೆ ಆಕೆಗೆ ಸೀರೆ ಕೊಡುವುದನ್ನೂ ತಪ್ಪಿಸಿರಲಿಲ್ಲ. ಭಕ್ತಿ, ಜಗಳಗಂಟಿತನ, ಪ್ರೀತಿ ಮೂರೂ ಒಂದು ಮೊಳ ಹೂವಿನಲ್ಲಿದ್ದವು. ಅದು ಹೂವಾಡಗಿತ್ತಿಗೆ ತಿಳಿದಿತ್ತು, ಮೇಷ್ಟ್ರಿಗೆ ತಿಳಿದಿರಲಿಲ್ಲ.

ಹಾಗಾಗಿ ಭಾನುವಾರಕ್ಕೆ ಮೊದಲು ಇನ್ನೂ ಇಬ್ಬರು ಮೂವರಿಗೆ ಫೋನ್ ಮಾಡಿ. ‘ಅಜ್ಜಿ ಹೇಗಿದ್ದರು?’ ಎಂದು ಕೇಳಬೇಡಿ. ‘ತುಂಬಾ ಒಳ್ಳೆಯವರು’ ಎಂಬ ಉತ್ತರ ಬರುತ್ತದೆ, ಅದು ನಿಮ್ಮ ಬಳಿ ಈಗಾಗಲೇ ಇದೆ. ‘ನಿಮಗೆ ಯಾವುದಕ್ಕೆ ಬೈಯುತ್ತಿದ್ದರು?’ ಎಂದು ಕೇಳಿ. ‘ಯಾವ ಡಬ್ಬಿಯನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ?’ ಎಂದು ಕೇಳಿ. ಕೆಲಸಕ್ಕೆ ಬರುತ್ತಿದ್ದಾಕೆಯನ್ನು ಮರೆಯಬೇಡಿ. ಮಕ್ಕಳು ಮೊಮ್ಮಕ್ಕಳು ನಿದ್ದೆಯಲ್ಲಿರುವಾಗ ಅಜ್ಜಿಯನ್ನು ಕಂಡವಳು ಆಕೆ. ನಿಮ್ಮ ಚಿಕ್ಕಮ್ಮನಿಗೆ ನೀವು ಡಬ್ಬಿಯ ಪ್ರಶ್ನೆ ಕೇಳಿದಾಗ ಬತ್ತಿಯ ಕತೆ ಹೊರಬಂದದ್ದನ್ನು ನೋಡಿದಿರಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಈಗ ನಿಮ್ಮ ದೊಡ್ಡ ಅಳುಕು: ನಂಬದವಳು ಭಕ್ತಿಯ ಬಗ್ಗೆ ಮಾತನಾಡುವುದು. ನೀವು ಕಣ್ಣಾರೆ ಕಂಡದ್ದನ್ನು ಹೇಳುವವರೆಗೆ ಇಲ್ಲಿ ಯಾವ ನಾಟಕವೂ ಇಲ್ಲ. ಅಜ್ಜಿಯ ತುಟಿ ಆಡಿದ್ದು, ಬೆರಳು ಹೊಸೆದದ್ದು, ಅವರು ಹಸಿದುಕೊಂಡದ್ದು ನೀವು ನೋಡಿದ ಸಂಗತಿಗಳು. ಅವಕ್ಕೆ ನಿಮ್ಮ ನಂಬಿಕೆಯ ರುಜು ಬೇಕಾಗಿಲ್ಲ. ನಾಟಕ ಶುರುವಾಗುವುದು ‘ಅಜ್ಜಿ ಈಗ ವೈಕುಂಠದಲ್ಲಿ ಶ್ರೀಹರಿಯ ಸೇವೆಯಲ್ಲಿದ್ದಾರೆ’ ಎಂಬ ಕಡೆ. ಅದು ಆಚಾರ್ಯರು ಹೇಳುವ ಮಾತು, ಅವರ ಬಾಯಲ್ಲಿ ಅದು ಸಹಜ. ನೀವು ಹೇಳಿದರೆ ನಿಮ್ಮ ಗೆಳತಿಯರಿಗೆ ಮುಜುಗರ, ನಿಮ್ಮನ್ನು ಬಲ್ಲ ಮಾವನಿಗೆ ಗುಮಾನಿ. ಹಾಗೆಂದು ‘ನನಗೆ ದೇವರಲ್ಲಿ ನಂಬಿಕೆಯಿಲ್ಲ, ಆದರೂ’ ಎಂದು ಶುರುಮಾಡಲೂ ಬೇಡಿ. ಸಭೆ ಅಜ್ಜಿಯದು. ಆ ಮೂರು ನಿಮಿಷದಲ್ಲಿ ನಿಮ್ಮ ನಂಬಿಕೆಯ ಲೆಕ್ಕ ಯಾರೂ ಕೇಳಿರುವುದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಆಚಾರದ ವಿವರದಲ್ಲಿ ತಪ್ಪಬಾರದು, ಏಕೆಂದರೆ ಮುಂದಿನ ಸಾಲಿನಲ್ಲಿ ಕೂರುವವರು ಅಜ್ಜಿಯ ಓರಗೆಯವರು. ನಿಮ್ಮ ಮೂರನೆಯ ಕರಡಿನಲ್ಲಿ ‘ಪ್ರತಿದಿನವೂ ಬೇಳೆ ಬೇಯಿಸುತ್ತಾ ಸಹಸ್ರನಾಮ ಹೇಳುತ್ತಿದ್ದರು’ ಎಂದಿದೆ. ನಿಮ್ಮದು ಏಕಾದಶಿಯನ್ನು ಕಟ್ಟುನಿಟ್ಟಾಗಿ ಮಾಡುವ ಮನೆ. ತಿಂಗಳಿಗೆ ಎರಡು ದಿನ ಅಜ್ಜಿ ಉಪವಾಸ, ಆ ದಿನ ಬೇಳೆ ಎಲ್ಲಿಂದ ಬಂತು? ‘ಪ್ರತಿದಿನ’ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಎರಡು ತಲೆ ಅಲ್ಲಾಡುತ್ತವೆ. ನಾನು ಇದನ್ನು ಕೇಳಿದಾಗ ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಿರಿ: ‘ಏಕಾದಶಿಯ ದಿನ ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಆದರೂ ಕೊನೆಯ ಶ್ಲೋಕ ಮುಗಿದ ಮೇಲೆ ಅಜ್ಜಿ ಒಲೆಯ ಕಡೆ ತಿರುಗಿ ನೋಡುತ್ತಿದ್ದರು.’ ತಪ್ಪು ತಿದ್ದಲು ಹೋಗಿ ಸಿಕ್ಕ ಈ ಸಾಲು ನಿಮ್ಮ ನಾಲ್ಕು ಕರಡುಗಳಿಗಿಂತ ತೂಕದ್ದು. ಇದೇ ರೀತಿ ‘ಪ್ರತಿದಿನ ತುಳಸಿ ಕೊಯ್ದು’ ಎಂದು ಬರೆದಿರುವುದನ್ನೂ ತೆಗೆಯಿರಿ. ದ್ವಾದಶಿಯಂದು ತುಳಸಿ ಕೊಯ್ಯುವುದಿಲ್ಲ, ಇದು ಆ ಹಿರಿಯರಿಗೆಲ್ಲ ಗೊತ್ತು.

ಭಾಷೆಯ ವಿಷಯದಲ್ಲಿ ಮೂರು ಕಡೆ ಕೈ ಹಾಕಬೇಕು.

ಮೊದಲನೆಯದು ‘ಉತ್ತಿದ್ದರು’ ಕಾಟ. ಏಳುತ್ತಿದ್ದರು, ತೊಳೆಯುತ್ತಿದ್ದರು, ಹಾಕುತ್ತಿದ್ದರು, ಹೇಳುತ್ತಿದ್ದರು, ಹೊಸೆಯುತ್ತಿದ್ದರು. ಅಭ್ಯಾಸವನ್ನು ಹೇಳಲು ಕನ್ನಡದಲ್ಲಿ ಈ ರೂಪ ಬೇಕೇ ಬೇಕು, ಆದರೆ ಸಾಲುಗಟ್ಟಿ ಬಂದರೆ ಮಳೆಗಾಲದ ಸೂರಿನ ನೀರಿನಂತೆ ತೊಟ್ಟಿಕ್ಕುತ್ತಾ ಹೋಗುತ್ತದೆ, ಕೇಳುಗರ ಕಿವಿ ಮುಚ್ಚಿಕೊಳ್ಳುತ್ತದೆ. ನಿಮ್ಮ ಮೊದಲ ಕರಡಿನಲ್ಲಿ ಇಂಥ ಹದಿನಾಲ್ಕು ಕ್ರಿಯಾಪದಗಳಿವೆ, ಎಣಿಸಿದ್ದೇನೆ. ಮದ್ದು ಸುಲಭ. ನಾಲ್ಕೈದು ‘ಉತ್ತಿದ್ದರು’ ಆದ ಮೇಲೆ ‘ಒಂದು ದಿನ’ ಎಂದು ಶುರುಮಾಡಿ, ಆ ದಿನ ನಡೆದದ್ದನ್ನು ಬಂದರು, ನೋಡಿದರು, ಅಂದರು ಎಂದು ಹೇಳಿ. ಕ್ರಿಯಾಪದ ಬದಲಾದ ಕೂಡಲೇ ಅಜ್ಜಿ ಫೋಟೊದಿಂದ ಎದ್ದು ಅಡುಗೆಮನೆಗೆ ನಡೆದಂತೆ ಇರುತ್ತದೆ. ನಿಮಗೆ ಅಂಥ ಒಂದು ದಿನ ಇದೆ, ಪಿಯುಸಿಯ ಬಸ್ಸಿಗೆ ತಡವಾದ ದಿನ.

ಎರಡನೆಯದು ಏಕವಚನವೋ ಬಹುವಚನವೋ. ಮನೆಯಲ್ಲಿ ನೀವು ‘ಅಜ್ಜಿ, ನೀನು’ ಎಂದೇ ಕರೆದವರು. ನಿಮ್ಮ ಕರಡಿನಲ್ಲಿ ಎರಡೂ ಕಲಸಿದೆ. ‘ಅಜ್ಜಿ ಎದ್ದಳು’, ಮುಂದಿನ ಸಾಲಿನಲ್ಲೇ ‘ಅಜ್ಜಿ ಹೇಳಿದರು’. ಕಾಗದದಲ್ಲಿ ಇದು ಕಾಣುವುದಿಲ್ಲ, ಮೈಕಿನಲ್ಲಿ ಚುಚ್ಚುತ್ತದೆ. ಸಭೆಯಲ್ಲಿ ಅಜ್ಜಿಯ ಬಗ್ಗೆ ಹೇಳುವಾಗ ‘ಎದ್ದರು, ಹೇಳಿದರು’ ಇರಲಿ. ಅಜ್ಜಿಯೊಡನೆ ನೀವು ಆಡಿದ ಮಾತನ್ನು ಉದ್ಧರಿಸುವಾಗ ಮಾತ್ರ ‘ನೀನು’ ಬರಲಿ. ಹಾಗೆ ಮಾಡಿದರೆ ಆ ಒಂದೇ ಒಂದು ‘ನೀನು’ ಸಭೆಗೆ ಸಲಿಗೆಯನ್ನು ತೋರಿಸಿಬಿಡುತ್ತದೆ, ‘ನನಗೂ ಅಜ್ಜಿಗೂ ಬಹಳ ಸಲಿಗೆ’ ಎಂದು ಬೇರೆ ಹೇಳಬೇಕಿಲ್ಲ.

ಮೂರನೆಯದು ಸಾವಿನ ಪದ. ‘ಇಹಲೋಕ ತ್ಯಜಿಸಿದರು’, ‘ದೈವಾಧೀನರಾದರು’, ‘ಸ್ವರ್ಗಸ್ಥರಾದರು’, ನಿಮ್ಮ ಕರಡಿನಲ್ಲಿ ಮೂರೂ ಇವೆ. ಶರಣರ ಮನೆಯಲ್ಲಿ ಲಿಂಗೈಕ್ಯ ಎನ್ನುತ್ತಾರೆ, ನಿಮ್ಮಂಥ ಮನೆಗಳ ಆಹ್ವಾನಪತ್ರದಲ್ಲಿ ವೈಕುಂಠವಾಸಿ ಎಂದು ಅಚ್ಚಾಗುತ್ತದೆ. ಅವು ಅಚ್ಚಿನ ಪದಗಳು. ನೀವು ಪತ್ರದಲ್ಲಿ ನನಗೆ ‘ತೀರಿಕೊಂಡರು’ ಎಂದು ಬರೆದಿರಿ, ಫೋನಿನಲ್ಲಿ ‘ಅಜ್ಜಿ ಹೋದ ಮೇಲೆ’ ಎಂದಿರಿ. ಆ ಎರಡರಲ್ಲಿ ಒಂದು ಸಾಕು.

ಉದ್ದದ ಲೆಕ್ಕ ಹೀಗೆ. ಮೈಕಿನ ಮುಂದೆ ನಿಧಾನವಾಗಿ ಓದಿದರೆ ಕನ್ನಡದ ನೂರು ಪದಕ್ಕೆ ಒಂದು ನಿಮಿಷ ಎಂದುಕೊಳ್ಳಿ. ದುಃಖದ ಸಭೆಯಲ್ಲಿ ನಿಲ್ಲುವುದಕ್ಕೂ ಉಸಿರಿಗೂ ಜಾಗ ಬೇಕಾದ್ದರಿಂದ ಮೂರು ನಿಮಿಷಕ್ಕೆ ಇನ್ನೂರೈವತ್ತು ಪದ ಮೀರಬಾರದು. ನಿಮ್ಮ ಕರಡುಗಳು ಆರುನೂರರ ಮೇಲಿವೆ. ಅಜ್ಜಿಯ ಹುಟ್ಟೂರು, ಮದುವೆಯಾದ ವರ್ಷ, ಮಕ್ಕಳು ಮೊಮ್ಮಕ್ಕಳ ಎಣಿಕೆ, ಇದೆಲ್ಲವನ್ನೂ ಮಾವ ಸ್ವಾಗತದಲ್ಲಿ ಹೇಳುತ್ತಾರೆ. ಹೇಳದಿದ್ದರೆ ಅವರಿಗೆ ಒಪ್ಪಿಸಿ. ಎಲ್ಲರಿಗೂ ಬಾಯಿಪಾಠವಾಗಿರುವ ಪದ್ಯವನ್ನು ಉದ್ಧರಿಸುವ ಆಸೆ ಇದ್ದರೆ ಅದನ್ನೂ ಬಿಡಿ. ನಿಮಗಿಂತ ಮೊದಲು ಮಾತನಾಡುವವರು ಅದನ್ನು ಹೇಳಿಯೇ ಇರುತ್ತಾರೆ.

ನೀವು ಹೇಳಿದ್ದನ್ನೇ ಜೋಡಿಸಿ ಬರೆದ ಒಂದು ರೂಪ ಇದು. ಹೊಸದಾಗಿ ಏನನ್ನೂ ಸೇರಿಸಿಲ್ಲ.

“ಎಲ್ಲರಿಗೂ ನಮಸ್ಕಾರ. ನಾನು ಅಜ್ಜಿಯ ಎರಡನೆಯ ಮಗಳ ಮಗಳು.

ನಮ್ಮ ಅಜ್ಜಿಯ ಮನೆಯಲ್ಲಿ ಕುಕ್ಕರ್ ಇತ್ತು. ಅದರಲ್ಲಿ ಅನ್ನ ಆಗುತ್ತಿತ್ತು, ಆಲೂಗಡ್ಡೆ ಬೇಯುತ್ತಿತ್ತು. ಬೇಳೆಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕಿ ಬಂದು, ಅಜ್ಜಿ ಹಿತ್ತಾಳೆಯ ಪಾತ್ರೆಯಲ್ಲಿ ಬೇಳೆ ಇಟ್ಟು, ಗೋಡೆಗೆ ಒರಗಿ ಕುಳಿತು ಸಹಸ್ರನಾಮ ಶುರುಮಾಡುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ಬೇಳೆ ಬೆಂದಿರುತ್ತಿತ್ತು. ಏಳುವುದು, ಒಲೆ ಆರಿಸುವುದು. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ.

ನಾನು ಪಿಯುಸಿ ಓದುವಾಗ ಒಂದು ದಿನ ಬಸ್ಸಿಗೆ ತಡವಾಯಿತು. ಡಬ್ಬಿ ಕಟ್ಟಿರಲಿಲ್ಲ. ‘ಅಜ್ಜಿ, ನೀನು ಕುಕ್ಕರಿನಲ್ಲಿಟ್ಟಿದ್ದರೆ ಹತ್ತು ನಿಮಿಷದಲ್ಲಿ ಆಗುತ್ತಿತ್ತು’ ಎಂದು ರೇಗಿದೆ. ಅಜ್ಜಿ ಕಣ್ಣು ತೆರೆಯಲಿಲ್ಲ. ಇರು ಎಂದು ಕೈ ತೋರಿಸಿದರು. ಎಲ್ಲ ಮುಗಿಸಿ, ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳಿದರು: ‘ಹತ್ತು ನಿಮಿಷಕ್ಕೆ ಬೆಂದರೆ ಮಿಕ್ಕ ನಾಮ ಎಲ್ಲಿ ಹೇಳಲಿ?’

ಆ ದಿನ ಬಸ್ಸು ತಪ್ಪಿತು. ಸಾರು ಮಾತ್ರ ಚೆನ್ನಾಗಿತ್ತು.

ಏಕಾದಶಿಯ ದಿನ ಅಜ್ಜಿಗೆ ಉಪವಾಸ. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಆದರೂ ಕೊನೆಯ ಶ್ಲೋಕ ಮುಗಿದ ಕೂಡಲೇ ಒಲೆಯ ಕಡೆ ತಿರುಗಿ ನೋಡುತ್ತಿದ್ದರು.

ಮಧ್ಯಾಹ್ನ ಬತ್ತಿ. ಬೆರಳ ತುದಿಗೆ ಹಾಲು ಮುಟ್ಟಿಸಿಕೊಂಡು ಹೂಬತ್ತಿ ಹೊಸೆದು, ನೂರು ಎಣಿಸಿ ಒಂದು ಪೊಟ್ಟಣ ಕಟ್ಟುತ್ತಿದ್ದರು. ಆ ಡಬ್ಬಿಯನ್ನು ನಾವು ಯಾರೂ ಮುಟ್ಟುವ ಹಾಗಿರಲಿಲ್ಲ.

ಅಜ್ಜಿ ಹೋದ ಮೇಲೆ ಸೂತಕ ಎಂದು ಹತ್ತು ದಿನ ದೇವರ ಮನೆಯಲ್ಲಿ ದೀಪ ಹಚ್ಚಲಿಲ್ಲ. ಶುದ್ಧವಾದ ಮೇಲೆ ಚಿಕ್ಕಮ್ಮ ಆ ಡಬ್ಬಿ ತೆರೆದರು. ಒಳಗೆ ನೂರರ ಎಂಟು ಪೊಟ್ಟಣ, ಬಿಡಿಯಾಗಿ ಮೂವತ್ತೇಳು ಬತ್ತಿ. ದಿನಕ್ಕೆ ಎರಡರಂತೆ ಇನ್ನೂ ಒಂದು ವರ್ಷ ದಾಟಿ ಬರುತ್ತವೆ.

ಈಗ ಅಜ್ಜಿಯ ಮುಂದೆ ಉರಿಯುತ್ತಿರುವುದು ಆ ಮೂವತ್ತೇಳರಲ್ಲಿ ಎರಡು.

ನಮಸ್ಕಾರ.”

ಓದಿ ನೋಡಿ. ‘ದೈವಭಕ್ತೆ’ ಎಂಬ ಪದ ಎಲ್ಲಿಯೂ ಇಲ್ಲ. ‘ಶಿಸ್ತು’ ಇಲ್ಲ, ‘ವಾತ್ಸಲ್ಯ’ ಇಲ್ಲ. ಡಬ್ಬಿಯ ಮುಚ್ಚಳ ಒತ್ತುವ ಕೈಯಲ್ಲಿ ವಾತ್ಸಲ್ಯ ಕಾಣದವರಿಗೆ ಆ ಪದ ಹೇಳಿದರೂ ಕಾಣುವುದಿಲ್ಲ. ಬಸ್ಸು ತಪ್ಪಿದ ಸಾಲಿನಲ್ಲಿ ಜನ ನಗುತ್ತಾರೆ, ನಗಲಿ. ನಗು ನಿಲ್ಲುವವರೆಗೆ ಕಾಯಿರಿ. ಪ್ರಾರ್ಥನಾ ಸಭೆಯಲ್ಲಿ ನಗಿಸಬಾರದು ಎಂದು ನಿಮ್ಮ ಮಾವ ಅಂದುಕೊಂಡಿರಬಹುದು. ಅಜ್ಜಿಯನ್ನು ನೆನೆದು ಬಂದ ನಗು ಬೇರೆ, ಭಾಷಣಕಾರ ತನ್ನ ಜಾಣತನಕ್ಕೆ ತರಿಸುವ ನಗು ಬೇರೆ. ಸಭೆಯಲ್ಲಿರುವವರಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಏಕಾದಶಿಯ ಸಾಲುಗಳ ಮೇಲೆ ವ್ಯಾಖ್ಯಾನ ಹೇಳಲು ಮನಸ್ಸು ಎಳೆಯುತ್ತದೆ. ‘ಹೀಗೆ ಅವರ ಭಕ್ತಿ ಅವರ ಉಸಿರಾಗಿತ್ತು’ ಎಂದು ಒಂದು ವಾಕ್ಯ ಸೇರಿಸೋಣ ಎನಿಸುತ್ತದೆ. ಸೇರಿಸಬೇಡಿ. ಅಲ್ಲಿ ಮೂರು ಎಣಿಸುವಷ್ಟು ಹೊತ್ತು ನಿಂತು, ಮುಂದಿನ ಸಾಲಿಗೆ ಹೋಗಿ. ಬತ್ತಿಯ ಎಣಿಕೆಯನ್ನೂ ಇದ್ದಂತೆಯೇ ಹೇಳಿ. ‘ನೂರಾರು ಬತ್ತಿಗಳು’ ಎಂದರೆ ಏನೂ ಕಾಣುವುದಿಲ್ಲ. ‘ಬಿಡಿಯಾಗಿ ಮೂವತ್ತೇಳು’ ಎಂದರೆ ಒಂಬತ್ತನೆಯ ಪೊಟ್ಟಣ ಅರ್ಧಕ್ಕೆ ನಿಂತದ್ದು ಎಲ್ಲರಿಗೂ ಕಾಣುತ್ತದೆ, ನೀವು ಹೇಳದೆಯೇ.

ಅಳು ಬಂದರೇನು ಎಂದು ಫೋನಿನಲ್ಲಿ ಕೇಳಿದಿರಿ. ಬರುತ್ತದೆ. ಎಲ್ಲಿ ಬರುತ್ತದೆ ಎಂಬುದನ್ನು ಮುಂಚೆಯೇ ತಿಳಿದುಕೊಳ್ಳಬಹುದು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮೂರು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಪ್ರಯೋಜನವಿಲ್ಲ, ಗಂಟಲು ಕಟ್ಟುವುದು ಗಟ್ಟಿಯಾಗಿ ಓದಿದಾಗಲೇ. ಮೂರೂ ಸಲ ಒಂದೇ ಜಾಗದಲ್ಲಿ ಕಟ್ಟುತ್ತದೆ, ನನ್ನ ಅಂದಾಜಿನಲ್ಲಿ ನಿಮಗದು ಚಿಕ್ಕಮ್ಮ ಡಬ್ಬಿ ತೆರೆಯುವ ಸಾಲು. ಅದರ ಹಿಂದಿನ ವಾಕ್ಯದ ಕೊನೆಗೆ ಪೆನ್ನಿನಿಂದ ಒಂದು ಗೀಟು ಎಳೆಯಿರಿ. ಅಲ್ಲಿ ನಿಲ್ಲಿ, ಒಂದು ಗುಟುಕು ನೀರು ಕುಡಿಯಿರಿ, ಆಮೇಲೆ ಮುಂದುವರಿಯಿರಿ. ಆದರೂ ದನಿ ಬಿಟ್ಟುಹೋದರೆ ಓದಿ ಮುಗಿಸಲು ತಮ್ಮನ ಕೈಯಲ್ಲೂ ಒಂದು ಪ್ರತಿ ಇರಲಿ. ಸಭೆಗೆ ಮೊದಲೇ ಅವನಿಗೆ ಹೇಳಿಟ್ಟಿರಬೇಕು; ಅಲ್ಲೇ ಕರೆದರೆ ಅವನೂ ಅಳುತ್ತಾ ಬರುತ್ತಾನೆ.

ಮೊಬೈಲಿನಲ್ಲಿ ನೋಡಿ ಓದಬೇಡಿ. ಕಣ್ಣು ಮಂಜಾದಾಗ ಪರದೆಯ ಅಕ್ಷರ ಕಾಣುವುದಿಲ್ಲ, ನಡುವೆ ಯಾವುದೋ ಕರೆ ಬಂದು ಫೋನು ಕೈಯಲ್ಲೇ ಅದುರುತ್ತದೆ. ದಪ್ಪ ಅಕ್ಷರದಲ್ಲಿ ಮುದ್ರಿಸಿದ ಎರಡು ಹಾಳೆ ಸಾಕು, ಹಾಳೆಯ ಒಂದೇ ಬದಿಯಲ್ಲಿ. ವಾಕ್ಯವೊಂದು ಮೊದಲ ಹಾಳೆಯಲ್ಲಿ ಶುರುವಾಗಿ ಎರಡನೆಯದರಲ್ಲಿ ಮುಗಿಯದಂತೆ ನೋಡಿಕೊಳ್ಳಿ.

ನಿಮ್ಮ ಸರದಿ ಯಾವುದರ ನಂತರ ಎಂದು ಮಾವನನ್ನು ಕೇಳಿಟ್ಟುಕೊಳ್ಳಿ. ಭಜನೆಯ ನಂತರವಾದರೆ ತಾಳದ ಸದ್ದು ಅಡಗಿ ಜನ ಕೂತು ಸರಿಯಾಗುವವರೆಗೆ ಬಾಯಿ ತೆರೆಯಬೇಡಿ. ನಿಮ್ಮ ಮೊದಲ ಸಾಲಿನ ಕುಕ್ಕರು ಗದ್ದಲದಲ್ಲಿ ಕಳೆದುಹೋದರೆ ಮುಂದಿನದ್ದಕ್ಕೆ ಅರ್ಥವಿಲ್ಲ. ಒಂದು ನಿಮಿಷದ ಮೌನಕ್ಕೆ ಮುಂಚೆ ನೀವು ಮಾತನಾಡುವಂತಿದ್ದರೆ ಇನ್ನೂ ಒಳ್ಳೆಯದು. ಪ್ರಸಾದ ಸ್ವೀಕರಿಸಿ ಹೋಗಬೇಕು ಎಂಬ ಪ್ರಕಟಣೆಯನ್ನು ನಿಮ್ಮ ಕೈಗೆ ಅಂಟಿಸಲು ಯಾರಾದರೂ ಬಂದರೆ ಬೇರೆಯವರಿಗೆ ದಾಟಿಸಿ. ದೀಪದ ಮಾತಿನ ಬೆನ್ನಿಗೇ ಊಟದ ಮಾತು ಬರಬಾರದು.

ಇನ್ನು ಆ ದೀಪ. ನಿಮ್ಮ ಕೊನೆಯ ಸಾಲು ನಿಜವಾಗಿದ್ದರೆ ಮಾತ್ರ ಹೇಳಬೇಕು. ಸಭಾಂಗಣದವರು ಅಂಗಡಿಯಿಂದ ತಂದ ಬತ್ತಿಯಲ್ಲಿ ಮೊದಲೇ ದೀಪ ಹಚ್ಚಿಟ್ಟಿರುವುದು ರೂಢಿ, ಹಾಗಾದರೆ ನಿಮ್ಮ ಮಾತು ಸುಳ್ಳಾಗುತ್ತದೆ, ಅದನ್ನು ಚಿಕ್ಕಮ್ಮ ಒಬ್ಬರೇ ಬಲ್ಲರು. ಡಬ್ಬಿಯನ್ನು ನೀವೇ ಕೈಚೀಲದಲ್ಲಿ ತನ್ನಿ. ಹೂಬತ್ತಿ ತುಪ್ಪದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಸಭೆಯ ಶುರುವಿನಲ್ಲಿ ಹಚ್ಚಿದ್ದು ನಿಮ್ಮ ಸರದಿ ಬರುವಷ್ಟರಲ್ಲಿ ಕರಿ ಕಟ್ಟಿರುತ್ತದೆ. ನಿಮ್ಮ ಹೆಸರು ಕರೆಯುವ ಮೊದಲು, ಭಜನೆಯ ಕೊನೆಯ ಹಾಡು ನಡೆಯುತ್ತಿರುವಾಗ, ಫೋಟೊದ ಮುಂದಿನ ಎರಡು ಬೆಳ್ಳಿಯ ದೀಪಕ್ಕೆ ಚಿಕ್ಕಮ್ಮ ಹೊಸ ಬತ್ತಿ ಇಟ್ಟು ಹಚ್ಚಲಿ. ಬತ್ತಿಗಳನ್ನು ಮನೆಯಲ್ಲೇ ತುಪ್ಪದಲ್ಲಿ ನೆನೆಸಿ ಸಣ್ಣ ಡಬ್ಬಿಯಲ್ಲಿ ಒಯ್ದರೆ ಬೇಗ ಹತ್ತಿಕೊಳ್ಳುತ್ತವೆ. ಎರಡರ ಬದಲು ನಾಲ್ಕು ನೆನೆಸಿ, ಮತ್ತು ವೇದಿಕೆಯ ಮೇಲಿನ ಫ್ಯಾನನ್ನು ಮೊದಲೇ ಆರಿಸಲು ಹೇಳಿ.